ವಿದೇಶದ ಕಾಲೇಜಿಗೆ ಫೀಸು ಕಳಿಸುವಾಗ ದುಡ್ಡು ಎಲ್ಲಿ ನಿಲ್ಲುತ್ತದೆ? ಉದ್ದೇಶದ ಕೋಡ್ ಮತ್ತು ಟಿಸಿಎಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಇಂಗ್ಲೆಂಡಿಗೆ ಓದಲು ಹೋದ ಮೇಲೆ ನಮ್ಮ ಮನೆಗೆ ಜುಲೈ, ಆಗಸ್ಟ್ ತಿಂಗಳಲ್ಲಿ ಒಂದು ಬಗೆಯ ಫೋನು ಜಾಸ್ತಿ ಬರುತ್ತದೆ. ನೆಂಟರು, ಆಫೀಸಿನವರು, ಅವರಿಂದ ನಂಬರ್ ತೆಗೆದುಕೊಂಡ ಇನ್ಯಾರೋ. ಎಲ್ಲರದ್ದೂ ಒಂದೇ ಗೋಳು: "ಸರ್, ಫೀಸು ಕಟ್ಟುವ ಕೊನೇ ದಿನ ಹತ್ತಿರ ಬಂತು, ಬ್ಯಾಂಕಲ್ಲಿ ದುಡ್ಡು ಮುಂದಕ್ಕೆ ಹೋಗ್ತಾ ಇಲ್ಲ." ಹಾಗೆ ಕೇಳಿದ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಲೆಕ್ಕಗಳೆಲ್ಲ 2025-26ರ ಆರ್ಥಿಕ ವರ್ಷದ್ದು. 2026ರ ಏಪ್ರಿಲ್ 1ರಿಂದ ಬದಲಾದದ್ದನ್ನು ಬಂದ ಕಡೆಯೇ ಹೇಳಿದ್ದೇನೆ.

## ಮೊದಲ ಸಲ ಕಳಿಸುವವರಿಗೆ

ಅಕೌಂಟಲ್ಲಿ ದುಡ್ಡಿದೆ, ಕಾಲೇಜಿನ ಅಕೌಂಟ್ ನಂಬರ್ ಇದೆ. ಮತ್ಯಾಕೆ ಇಷ್ಟೊಂದು ಕಾಗದ ಕೇಳ್ತಾರೆ?

ನಮ್ಮ ದುಡ್ಡೇ ಆದರೂ, ಅದು ಡಾಲರ್ ಅಥವಾ ಪೌಂಡ್ ಆಗಿ ದೇಶದಿಂದ ಹೊರಗೆ ಹೋಗುವಾಗ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಅಡ್ಡ ಬರುತ್ತದೆ. ಯಾತಕ್ಕೆ ಕಳಿಸುತ್ತಿದ್ದೀರಿ ಎಂದು ನಿಮ್ಮಿಂದ ಬರೆಸಿಕೊಳ್ಳುವುದು, ಅದು ನಂಬುವಂತಿದೆಯೇ ಎಂದು ನೋಡುವುದು ಬ್ಯಾಂಕಿನ ಕೆಲಸ. ಇದು ಕಾಯ್ದೆಯ 10(5)ನೇ ಸೆಕ್ಷನ್ನಿನಲ್ಲೇ ಇದೆ. ಕೌಂಟರಿನಲ್ಲಿ ಕೂತವರು ಸುಮ್ನೆ ಸತಾಯಿಸುತ್ತಿದ್ದಾರೆ ಎಂದುಕೊಂಡು ಜಗಳಕ್ಕೆ ಇಳಿಯುವ ಮೊದಲು ಇದು ಗೊತ್ತಿದ್ದರೆ ಒಳ್ಳೆಯದು.

ಹಾಗೆ ಬರೆಸಿಕೊಳ್ಳುವ ಕಾಗದವೇ ಎ2 ಫಾರಂ. ಭಾರತದಲ್ಲಿ ನೆಲೆಸಿರುವ ಒಬ್ಬ ವ್ಯಕ್ತಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಎಲ್ಲ ಕಾರಣಕ್ಕೂ ಸೇರಿ 2,50,000 ಡಾಲರ್ ತನಕ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಈ ಯೋಜನೆಯನ್ನು ಬ್ಯಾಂಕಿನವರು ಎಲ್‌ಆರ್‌ಎಸ್ ಅನ್ನುತ್ತಾರೆ. ಇದಕ್ಕೆ ಪ್ಯಾನ್ ಇರಲೇಬೇಕು. ಫೀಸು ಕಟ್ಟುವ ಹೆಚ್ಚಿನವರಿಗೆ ಆ ಮಿತಿ ದೂರದ ಮಾತು. ನಮ್ಮನ್ನು ನಿಲ್ಲಿಸುವುದು ಅದಲ್ಲ, ಎ2 ಫಾರಂನಲ್ಲಿ ಬರೆಯುವ ಎರಡು ಸಂಗತಿ: ಕೋಡ್ ಹಾಕಿ ತೋರಿಸುವ ಉದ್ದೇಶ ಏನು, ಈ ವರ್ಷ ಈಗಾಗಲೇ ಎಷ್ಟು ಕಳಿಸಿದ್ದೀರಿ.

ಯಾವ ಯಾವ ಕಾಗದ ರೆಡಿ ಇಟ್ಕೋಬೇಕು?

ಬ್ಯಾಂಕಿನಿಂದ ಬ್ಯಾಂಕಿಗೆ ಪಟ್ಟಿ ಸ್ವಲ್ಪ ಬೇರೆ. ಆದರೆ ಎಲ್ಲರೂ ಕೇಳುವುದು ಇಷ್ಟು: ಕಳಿಸುವವರ ಪ್ಯಾನ್, ವಿದ್ಯಾರ್ಥಿಯ ಪಾಸ್‌ಪೋರ್ಟ್, ಪ್ರವೇಶ ಪತ್ರ (ಅಮೆರಿಕಕ್ಕಾದರೆ ಐ-20, ಇಂಗ್ಲೆಂಡಿಗಾದರೆ ಆಫರ್ ಲೆಟರ್ ಇಲ್ಲವೇ ಸಿಎಎಸ್), ಮತ್ತು ಫೀಸಿನ ಇನ್‌ವಾಯ್ಸ್. ಸಾಲದ ದುಡ್ಡಾದರೆ ಸಾಲ ಮಂಜೂರಾದ ಪತ್ರ. ತಂದೆ ಅಥವಾ ತಾಯಿ ಕಳಿಸುತ್ತಿದ್ದರೆ ಸಂಬಂಧ ತೋರಿಸುವ ದಾಖಲೆ. ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ ತಂದೆ ತಾಯಿ ಹೆಸರು ಇರುತ್ತದಲ್ಲ, ಹೆಚ್ಚಿನ ಕಡೆ ಅದೇ ಸಾಕು. ಅದಕ್ಕೇ ಮೊದಲ ಪುಟ ಮಾತ್ರ ಸ್ಕ್ಯಾನ್ ಮಾಡಿ ಕೊಡಬೇಡಿ.

ಹೆಸರು ಹೊಂದುತ್ತದೆಯೇ ಎಂದು ಒಮ್ಮೆ ಕೂತು ನೋಡಿ. ನಮ್ಮ ಕಡೆ ಹೆಸರಿನ ಇನಿಷಿಯಲ್ಲು ದೊಡ್ಡ ತಲೆನೋವು. ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ, ಮಗಳ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿಗೆ ಊರಿನ ಇನಿಷಿಯಲ್ ಸೇರಿರುತ್ತದೆ. ಶಾಖೆಯವರಿಗೆ ನಿಮ್ಮ ಮುಖ ಗೊತ್ತು, ಅವರು ಒಪ್ಪುತ್ತಾರೆ. ಆದರೆ ಊರಿನ ಎಲ್ಲ ಶಾಖೆಗೂ ವಿದೇಶಿ ವಿನಿಮಯದ ಕೆಲಸ ಇರುವುದಿಲ್ಲ. ಕಾಗದ ಸ್ಕ್ಯಾನ್ ಆಗಿ ಬೇರೆ ಊರಿನ ಫಾರೆಕ್ಸ್ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕೂತವರು ಕಾಗದ ಮಾತ್ರ ನೋಡುತ್ತಾರೆ. ಒಂದು ಪ್ರಶ್ನೆ ಎತ್ತಿ ವಾಪಸ್ ಕಳಿಸಿದರೆ, ಅದು ಶಾಖೆಗೆ ಬಂದು, ಶಾಖೆ ನಿಮಗೆ ಫೋನ್ ಮಾಡಿ, ನೀವು ಉತ್ತರ ಕೊಟ್ಟು, ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ವೀಸಾ ಇನ್ನೂ ಬಂದಿಲ್ಲ. ವೀಸಾ ಇಲ್ಲದೆ ಫೀಸು ಕಳಿಸೋಕೆ ಆಗಲ್ಲ ಅಂತಾರೆ, ಹೌದಾ?

ಇಲ್ಲ. ಎಷ್ಟೋ ದೇಶಗಳಲ್ಲಿ ಮೊದಲು ಠೇವಣಿ ಕಟ್ಟಿದರೆ ತಾನೇ ವೀಸಾಕ್ಕೆ ಬೇಕಾದ ಪತ್ರ ಸಿಗುವುದು. ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳು ಠೇವಣಿ ಬಂದ ಮೇಲೆಯೇ ಸಿಎಎಸ್ ಕೊಡುತ್ತವೆ. ಸಿಎಎಸ್ ಇಲ್ಲದೆ ವೀಸಾ ಅರ್ಜಿಯೇ ಹಾಕಲಾಗದು. ಬ್ಯಾಂಕಿನಲ್ಲಿ ವೀಸಾ ಕೇಳಿದರೆ, ಆಫರ್ ಲೆಟರಿನಲ್ಲಿ ಠೇವಣಿಯ ಮೊತ್ತ ಮತ್ತು ಕೊನೇ ದಿನ ಬರೆದಿರುವ ಪ್ಯಾರಾಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತೋರಿಸಿ. ಬರೀ ಬಾಯಿಮಾತಿಗಿಂತ ಇದಕ್ಕೆ ಬೆಲೆ ಜಾಸ್ತಿ.

## ಉದ್ದೇಶದ ಕೋಡ್

ಕೋಡ್ ಪಟ್ಟಿ ಉದ್ದ ಇದೆ. ನಾನು ಯಾವುದು ಹಾಕಬೇಕು?

ಮಗ ಅಥವಾ ಮಗಳು ಆ ದೇಶಕ್ಕೆ ಹೋಗಿ ಓದುತ್ತಿದ್ದರೆ `S0305`. ಹೆಸರಲ್ಲಿ 'ಶಿಕ್ಷಣಕ್ಕಾಗಿ ಪ್ರಯಾಣ' ಎಂದಿರುವುದರಿಂದ ಅದು ಟಿಕೆಟ್ಟಿಗೆ ಮಾತ್ರ ಎಂದುಕೊಂಡು ಜನ ಬಿಟ್ಟುಬಿಡುತ್ತಾರೆ. ಹಾಗಲ್ಲ. ಫೀಸು, ಹಾಸ್ಟೆಲ್ ಎಲ್ಲವೂ ಅದರಲ್ಲೇ ಬರುತ್ತದೆ. ಇಲ್ಲೇ ಮನೆಯಲ್ಲಿ ಕೂತು ವಿದೇಶದ ಕೋರ್ಸನ್ನು ಅಂಚೆಯಲ್ಲೋ ಆನ್‌ಲೈನಿನಲ್ಲೋ ಓದುವವರಿಗೆ `S1107`.

ಜನ ಎಡವುವುದು `S1301`ನಲ್ಲಿ. ಅದು ವಿದೇಶದಲ್ಲಿರುವ ಕುಟುಂಬದವರ ಜೀವನಾಧಾರಕ್ಕೆ ಕಳಿಸುವ ಹಣದ ಕೋಡ್. "ಮಗಳ ಖರ್ಚಿಗೆ ಕಳಿಸ್ತಿದ್ದೀನಿ" ಎಂದು ನೀವು ಕೌಂಟರಿನಲ್ಲಿ ಹೇಳಿದರೆ, ಕೇಳಿಸಿಕೊಂಡವರು ನೇರವಾಗಿ ಇದನ್ನು ಆರಿಸಿಬಿಡಬಹುದು. ಮೊಬೈಲ್ ಆ್ಯಪ್‌ಗಳಲ್ಲೂ ಈ ಆಯ್ಕೆ ಕಣ್ಣಿಗೆ ಬೇಗ ಬೀಳುತ್ತದೆ. ದುಡ್ಡು ಹೋಗುವುದೇನೋ ಹೋಗುತ್ತದೆ. ಆದರೆ ತೆರಿಗೆ ಕಾನೂನಿನ ಕಣ್ಣಲ್ಲಿ ಅದು ಶಿಕ್ಷಣ ಅಲ್ಲ, 'ಇತರೆ'. 'ಇತರೆ'ಗೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ಮುಂಗಡ ತೆರಿಗೆಯ ದರ, 20%. ವ್ಯತ್ಯಾಸ ಎಷ್ಟೆಂದು ಕೆಳಗಿನ ಲೆಕ್ಕದಲ್ಲಿ ನೋಡಿ.

ಫೀಸು ಸರಿ, ಆದರೆ ರೂಮ್ ಬಾಡಿಗೆ, ಊಟ, ಬಸ್ಸಿನ ಖರ್ಚಿಗೆ ಮಗನ ಅಕೌಂಟಿಗೆ ಹಾಕಿದರೆ?

ಅದೂ ಶಿಕ್ಷಣವೇ. ನೇರ ತೆರಿಗೆ ಮಂಡಳಿ 2023ರ ಜೂನ್ 30ರಂದು ಹೊರಡಿಸಿದ 10ನೇ ಸುತ್ತೋಲೆ ಇದನ್ನು ಬಿಡಿಸಿ ಹೇಳಿದೆ: ವಿದ್ಯಾರ್ಥಿ ಹೋಗಿ ಬರುವ ಟಿಕೆಟ್, ಸಂಸ್ಥೆಗೆ ಕಟ್ಟುವ ಫೀಸು, ಓದಲು ಬೇಕಾದ ದಿನನಿತ್ಯದ ಖರ್ಚು, ಅಂದರೆ ಊಟ, ವಸತಿ, ಓಡಾಟ, ಆರೋಗ್ಯ, ಎಲ್ಲ ಶಿಕ್ಷಣದ ಉದ್ದೇಶದಲ್ಲೇ ಸೇರುತ್ತವೆ. ಕೌಂಟರಿನಲ್ಲಿ ವಾದ ಬಂದರೆ ಸುತ್ತೋಲೆಯ ಸಂಖ್ಯೆ ಹೇಳಿ.

ಕಾಲೇಜಿನ ಅಕೌಂಟಿಗಲ್ಲದೆ ಮಗನ ಸ್ವಂತ ಅಕೌಂಟಿಗೆ ಹೋಗುವ ಹಣಕ್ಕೆ ಬ್ಯಾಂಕು ಇನ್ನೊಂದಿಷ್ಟು ಆಧಾರ ಕೇಳುವುದುಂಟು. ಬಾಡಿಗೆ ಕರಾರು, ಇಲ್ಲವೇ ವಿಶ್ವವಿದ್ಯಾಲಯವೇ ಕೊಟ್ಟ ಜೀವನವೆಚ್ಚದ ಅಂದಾಜು ಕೊಡಿ. ಐ-20ಯಲ್ಲಿ ಆ ಅಂದಾಜು ಅಚ್ಚಾಗಿಯೇ ಇರುತ್ತದೆ.

ಫೀಸು ಕಾಲೇಜಿನ ಹೆಸರಿಗಲ್ಲ, ಯಾವುದೋ ಪಾವತಿ ಕಂಪನಿ ಹೆಸರಿಗೆ ಕಳಿಸಿ ಅಂತ ಇದೆ. ಬ್ಯಾಂಕಿನವರು ಒಪ್ತಿಲ್ಲ.

ತುಂಬ ವಿಶ್ವವಿದ್ಯಾಲಯಗಳು ಈಗ ಫೀಸು ವಸೂಲಿಗೆ ಮಧ್ಯದ ಪಾವತಿ ಸಂಸ್ಥೆಗಳನ್ನು ಇಟ್ಟುಕೊಂಡಿವೆ. ಬ್ಯಾಂಕಿಗೆ ಕಾಣುವುದು ಮಾತ್ರ ಇಷ್ಟೇ: ಇನ್‌ವಾಯ್ಸಿನಲ್ಲಿ ಒಂದು ಹೆಸರು, ಹಣ ಪಡೆಯುವವರ ಜಾಗದಲ್ಲಿ ಇನ್ನೊಂದು. ಅನುಮಾನ ಬರುವುದು ಸಹಜ ಅಲ್ವಾ? ಆ ಸಂಸ್ಥೆಯ ಪೋರ್ಟಲಿನಲ್ಲಿ ವಿದ್ಯಾರ್ಥಿಯ ಹೆಸರು, ವಿಶ್ವವಿದ್ಯಾಲಯದ ಹೆಸರು, ಮೊತ್ತ, ರೆಫರೆನ್ಸ್ ನಂಬರ್ ನಾಲ್ಕೂ ಒಟ್ಟಿಗೆ ಇರುವ ಪಾವತಿ ಸೂಚನೆಯ ಪುಟ ಸಿಗುತ್ತದೆ. ಅದನ್ನು ಇನ್‌ವಾಯ್ಸಿನ ಜೊತೆ ಕೊಡಿ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಈ ಸಂಸ್ಥೆಯ ಹೆಸರಿರುವ ಪುಟವನ್ನೂ ಪ್ರಿಂಟ್ ತೆಗೆದರೆ ಇನ್ನೂ ಒಳ್ಳೆಯದು. ಅಂಥ ಪೋರ್ಟಲುಗಳು ತೋರಿಸುವ ದರಕ್ಕೆ ಅವಧಿ ಇರುತ್ತದೆ. ಬ್ಯಾಂಕಿನಲ್ಲಿ ಕಾಗದ ಪಾಸಾಗುವ ಮೊದಲೇ ಸೂಚನೆ ತೆಗೆದರೆ, ದುಡ್ಡು ಹೊರಡುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ.

## ಟಿಸಿಎಸ್: ಎಷ್ಟು, ಯಾಕೆ, ಯಾವಾಗ

ಇದು ನಿಜವಾಗಿ ತೆರಿಗೆನಾ? ನನ್ನ ದುಡ್ಡಿಗೆ ತೆರಿಗೆ ಕಟ್ಟಿ ಆಗಿದೆಯಲ್ಲ!

ಇದು ಹೊಸ ತೆರಿಗೆ ಅಲ್ಲ, ಮುಂಗಡ. ದುಡ್ಡು ಹೊರಗೆ ಹೋಗುವಾಗಲೇ ಬ್ಯಾಂಕು ಒಂದು ಭಾಗ ವಸೂಲಿ ಮಾಡಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಸರಕಾರಕ್ಕೆ ಕಟ್ಟುತ್ತದೆ. ರಿಟರ್ನ್ಸ್ ಹಾಕುವಾಗ ನಿಮ್ಮ ಒಟ್ಟು ತೆರಿಗೆಯಲ್ಲಿ ಅದನ್ನು ಕಳೆಯಬಹುದು, ಮಿಕ್ಕಿದ್ದು ವಾಪಸ್ ಬರುತ್ತದೆ. 2020ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ತೊಂದರೆ ಏನೆಂದರೆ, ಆಗಸ್ಟಿನಲ್ಲಿ ಕೈಬಿಟ್ಟ ಹಣ ಮುಂದಿನ ವರ್ಷದವರೆಗೂ ಕೈಗೆ ಬಾರದು. ಅಷ್ಟು ದಿನಕ್ಕೆ ಬಡ್ಡಿಯನ್ನೂ ಯಾರೂ ಕೊಡುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ.

2025ರ ಏಪ್ರಿಲ್ 1ರಿಂದ ವರ್ಷಕ್ಕೆ ಮೊದಲ 10 ಲಕ್ಷ ರೂಪಾಯಿಗೆ ಟಿಸಿಎಸ್ ಇಲ್ಲ. ಅದಕ್ಕೂ ಮುಂಚೆ ಈ ಗಡಿ 7 ಲಕ್ಷ ಇತ್ತು. 10 ಲಕ್ಷದ ಮೇಲಿನ ಭಾಗಕ್ಕೆ, ಶಿಕ್ಷಣವಾದರೆ, 5%. 2026ರ ಬಜೆಟ್ ಇದನ್ನು 2%ಗೆ ಇಳಿಸಿದೆ, ಅದು 2026ರ ಏಪ್ರಿಲ್ 1ರಿಂದ. ಅದೇ ದಿನದಿಂದ ಹೊಸ ಆದಾಯ ತೆರಿಗೆ ಕಾಯ್ದೆಯೂ ಜಾರಿ, ಹಾಗಾಗಿ ಸೆಕ್ಷನ್ ಮತ್ತು ಫಾರಂಗಳ ನಂಬರುಗಳೂ ಬದಲಾಗಿವೆ. ಹಳೇ ನಂಬರು ಹಿಡಿದು ಹುಡುಕಬೇಡಿ.

ಒಂದು ಲೆಕ್ಕ ಹಾಕಿ ತೋರಿಸಿ, ಆಮೇಲೆ ಅರ್ಥ ಆಗುತ್ತೆ.

ತಂದೆಯೊಬ್ಬರು ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಮಗಳ ಫೀಸು ಕಳಿಸುತ್ತಿದ್ದಾರೆ ಎಂದುಕೊಳ್ಳಿ. 2025ರ ಜೂನಿನಲ್ಲಿ ಒಂದು ಬ್ಯಾಂಕಿನಿಂದ ಠೇವಣಿ 5,000 ಪೌಂಡ್ ಹೋಗಿದೆ. ಪೌಂಡಿಗೆ 116 ರೂಪಾಯಿ ಲೆಕ್ಕದಲ್ಲಿ 5,80,000 ರೂಪಾಯಿ. 10 ಲಕ್ಷದ ಒಳಗೆ ಇದ್ದದ್ದರಿಂದ ಟಿಸಿಎಸ್ ಸೊನ್ನೆ. ಆಗಸ್ಟಿನಲ್ಲಿ ಬಾಕಿ ಫೀಸು 16,500 ಪೌಂಡ್, ಇನ್ನೊಂದು ಬ್ಯಾಂಕಿನಿಂದ. ದರ 118 ಎಂದಿಟ್ಟುಕೊಳ್ಳಿ. 19,47,000 ರೂಪಾಯಿ.

ಎರಡೂ ಸೇರಿ ಆ ವರ್ಷದ ಒಟ್ಟು 25,27,000. ಅದರಲ್ಲಿ 10 ಲಕ್ಷ ಕಳೆದರೆ 15,27,000. ಅದರ 5% ಅಂದರೆ 76,350 ರೂಪಾಯಿ ಟಿಸಿಎಸ್.

ಇದೇ ಹಣ `S1301` ಎಂದು ಹೋಗಿದ್ದರೆ 20%, ಅಂದರೆ 3,05,400 ರೂಪಾಯಿ. ಒಂದು ಕೋಡಿಗೆ ಎರಡೂಕಾಲು ಲಕ್ಷಕ್ಕೂ ಮೇಲೆ ವ್ಯತ್ಯಾಸ. ಇದೇ ಮೊತ್ತಗಳು 2026ರ ಏಪ್ರಿಲ್ ನಂತರ ಸರಿಯಾದ ಕೋಡಿನಲ್ಲಿ ಹೋದರೆ 2% ಲೆಕ್ಕದಲ್ಲಿ 30,540 ರೂಪಾಯಿ.

ಇದರ ಮೇಲೆ ರೂಪಾಯಿಯನ್ನು ಪೌಂಡ್ ಮಾಡುವ ಸೇವೆಗೆ ಜಿಎಸ್‌ಟಿ ಇದೆ. ಅದನ್ನು ಪೂರ್ತಿ ಮೊತ್ತಕ್ಕೆ ಹಾಕುವುದಿಲ್ಲ. 10 ಲಕ್ಷಕ್ಕೆ 5,500 ರೂಪಾಯಿ, ಅದರ ಮೇಲಿನದಕ್ಕೆ 0.1% ಎಂಬ ಒಂದು ಚಿಕ್ಕ 'ಮೌಲ್ಯ' ಹಿಡಿದು ಅದಕ್ಕೆ 18%. ನಮ್ಮ 19,47,000ಕ್ಕೆ ಆ ಮೌಲ್ಯ 6,447, ಜಿಎಸ್‌ಟಿ ಸುಮಾರು 1,160 ರೂಪಾಯಿ. ಬ್ಯಾಂಕಿನ ಸ್ವಂತ ಶುಲ್ಕ ಬೇರೆ.

ಬ್ಯಾಲೆನ್ಸ್ ಇದ್ದರೂ "ಹಣ ಸಾಲದು" ಅಂತ ನಿಂತಿದೆ. ಇದೆಂಥದು?

ವಿಳಂಬದ ಕಾರಣಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ನಾನು ಕೇಳಿದ್ದು ಇದನ್ನೇ. ಟಿಸಿಎಸ್ಸನ್ನು ಕಳಿಸುವ ಹಣದಲ್ಲಿ ಮುರಿದುಕೊಳ್ಳುವುದಿಲ್ಲ, ಅದರ ಮೇಲೆ ಸೇರಿಸಿ ತೆಗೆಯುತ್ತಾರೆ. ಮೇಲಿನ ಲೆಕ್ಕದ ತಂದೆ ಎಫ್‌ಡಿ ಮುರಿಸಿ ಅಕೌಂಟಿನಲ್ಲಿ 20 ಲಕ್ಷ ಇಟ್ಟು ನೆಮ್ಮದಿಯಾಗಿದ್ದರೆ, ಅವರ ಹಣ ಹೋಗುವುದಿಲ್ಲ. 19,47,000 ಜೊತೆ 76,350 ಟಿಸಿಎಸ್, 1,160 ಜಿಎಸ್‌ಟಿ, ಬ್ಯಾಂಕ್ ಶುಲ್ಕ ಸಾವಿರ ಚಿಲ್ಲರೆ. 20,25,000 ದಾಟಿತು. 20 ಲಕ್ಷ ಇದ್ದರೂ ಸಾಲದು.

ಇನ್ನೂ ಒಂದು ಸಂಗತಿ: ಕಾಗದ ಕೊಟ್ಟ ದಿನದ ದರಕ್ಕೂ, ಹಣ ಹೊರಡುವ ದಿನದ ದರಕ್ಕೂ ವ್ಯತ್ಯಾಸ ಇರುತ್ತದೆ. ಪೌಂಡು ಒಂದು ರೂಪಾಯಿ ಏರಿದರೆ ಇಲ್ಲಿ 16,500 ರೂಪಾಯಿ ಜಾಸ್ತಿ ಬೇಕು, ಅದರ 5% ಟಿಸಿಎಸ್ಸೂ ಏರುತ್ತದೆ. ನಾನು ಫೀಸಿನ ಮೊತ್ತ, ಟಿಸಿಎಸ್ ಎರಡನ್ನೂ ಕೂಡಿಸಿ ಅದರ ಮೇಲೆ ನೂರಕ್ಕೆ ಎರಡರಷ್ಟು ಜಾಸ್ತಿ ಇಡುತ್ತೇನೆ. ಮಿಕ್ಕಿದ್ದು ಅಕೌಂಟಿನಲ್ಲೇ ಇರುತ್ತದೆ, ಎಲ್ಲೂ ಹೋಗುವುದಿಲ್ಲ.

ಪ್ಯಾನ್–ಆಧಾರ್ ಜೋಡಣೆ ಆಗಿಲ್ಲದಿದ್ದರೂ ಹೀಗೇ ಸಿಕ್ಕಿಬೀಳುತ್ತೀರಿ. ಪ್ಯಾನ್ ನಿಷ್ಕ್ರಿಯ ಎಂದು ಬಂದರೆ ಟಿಸಿಎಸ್ ದರ ಏರುತ್ತದೆ, ಇಲ್ಲವೇ ಬ್ಯಾಂಕು ಹಣ ಕಳಿಸಲೇ ಒಪ್ಪುವುದಿಲ್ಲ. ಇದನ್ನು ಆದಾಯ ತೆರಿಗೆ ಪೋರ್ಟಲಿನಲ್ಲಿ ಮುಂಚೆಯೇ ನೋಡಿಕೊಳ್ಳಿ.

"ಬೇರೆ ಬ್ಯಾಂಕಿನಿಂದ ಕಳಿಸಿದ್ದೀರಾ" ಅಂತ ಕೇಳ್ತಾರೆ. ಇಲ್ಲ ಅಂದುಬಿಟ್ಟರೆ ಅವರಿಗೆ ಹೇಗೆ ಗೊತ್ತಾಗುತ್ತೆ?

10 ಲಕ್ಷದ ಗಡಿ ಬ್ಯಾಂಕಿಗೆ ಒಂದರಂತೆ ಅಲ್ಲ, ನಿಮ್ಮ ಪ್ಯಾನ್‌ಗೆ ವರ್ಷಕ್ಕೆ ಒಂದೇ. ಉದ್ದೇಶ ಬೇರೆ ಬೇರೆ ಇದ್ದರೂ ಒಂದೇ. ಆ ವರ್ಷ ವಿದೇಶದ ಷೇರು ಕೊಳ್ಳಲು ಕಳಿಸಿದ ಹಣವೂ ಇದೇ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಬ್ಯಾಂಕು ಘೋಷಣೆ ಬರೆಸಿಕೊಳ್ಳುವುದು.

ಮೇಲಿನ ತಂದೆ ಜೂನಿನ 5,80,000 ಮುಚ್ಚಿಟ್ಟರೆ ಎರಡನೇ ಬ್ಯಾಂಕು 9,47,000ಕ್ಕೆ ಮಾತ್ರ ಟಿಸಿಎಸ್ ಹಿಡಿಯುತ್ತದೆ, 47,350 ರೂಪಾಯಿ. ಉಳಿಯುವುದು 29,000. ಅದೂ ಹೇಗೂ ವಾಪಸ್ ಬರುವ ದುಡ್ಡು. ಆದರೆ ಎರಡೂ ಬ್ಯಾಂಕುಗಳು ನಿಮ್ಮ ಪ್ಯಾನ್ ಹಾಕಿ ರಿಸರ್ವ್ ಬ್ಯಾಂಕಿಗೆ ವರದಿ ಮಾಡಿರುತ್ತವೆ. ಸಹಿ ಹಾಕಿದ ಘೋಷಣೆ ಸುಳ್ಳು ಎಂದಾದರೆ ತಪ್ಪು ಬ್ಯಾಂಕಿನದ್ದಲ್ಲ, ನಿಮ್ಮದು. ನನ್ನ ಮಟ್ಟಿಗೆ ಇದು ಮಾಡುವಂಥ ಲಾಭದ ಕೆಲಸವೇ ಅಲ್ಲ.

ಮಾಡಬೇಕಾದ್ದು ಸುಲಭ. ಜೂನಿನ ಎ2 ಫಾರಂ ಮತ್ತು ಹಣ ಹೋದ ರಸೀದಿಯ ನಕಲು ಇಟ್ಟುಕೊಳ್ಳಿ. ಆಗಸ್ಟಿನಲ್ಲಿ ದಿನಾಂಕ, ಬ್ಯಾಂಕು, ಮೊತ್ತ ಮೂರೂ ಬರೆದುಕೊಡಿ. ಆ ಜಾಗ ಖಾಲಿ ಬಿಟ್ಟ ಫಾರಂ ಫಾರೆಕ್ಸ್ ವಿಭಾಗದಿಂದ ವಾಪಸ್ ಬರುವುದು ಗ್ಯಾರಂಟಿ. ಏನೂ ಕಳಿಸಿಲ್ಲವಾದರೆ 'ಇಲ್ಲ' ಎಂದೇ ಬರೆಯಿರಿ.

## ಸ್ವಲ್ಪ ಗೋಜಲಿನ ಪ್ರಸಂಗಗಳು

ಸಾಲ ಮಾಡಿ ಕಳಿಸಿದರೆ ಟಿಸಿಎಸ್ ಇಲ್ವಂತೆ?

2025ರ ಏಪ್ರಿಲ್ 1ರಿಂದ ಹೌದು, ಆದರೆ ಎಲ್ಲ ಸಾಲಕ್ಕೂ ಅಲ್ಲ. ಅದು ಓದಿಗಾಗಿಯೇ ತೆಗೆದ ಸಾಲ ಆಗಿರಬೇಕು, ಕೊಟ್ಟದ್ದು ಬ್ಯಾಂಕು ಅಥವಾ ತೆರಿಗೆ ಕಾನೂನು ಗುರುತಿಸಿದ ಹಣಕಾಸು ಸಂಸ್ಥೆ ಆಗಿರಬೇಕು. ಭಾವಮೈದನ ಹತ್ತಿರ ತೆಗೆದ ಕೈಸಾಲ, ಊರಿನ ಪತ್ತಿನ ಸಂಘದ ಸಾಲ, ಚಿನ್ನ ಅಡವಿಟ್ಟು ತಂದ ಸಾಮಾನ್ಯ ಸಾಲ ಇದರಲ್ಲಿ ಬರುವುದಿಲ್ಲ.

ಸಾಲ ಕೊಟ್ಟ ಬ್ಯಾಂಕೇ ನೇರವಾಗಿ ಕಾಲೇಜಿಗೆ ಕಳಿಸಿದರೆ ತಕರಾರು ಕಡಿಮೆ. ಸಾಲದ ಹಣ ನಿಮ್ಮ ಉಳಿತಾಯ ಖಾತೆಗೆ ಬಂದು, ಅಲ್ಲಿ ಸಂಬಳ, ಎಫ್‌ಡಿ ಹಣದ ಜೊತೆ ಸೇರಿಕೊಂಡು, ಇನ್ನೊಂದು ಬ್ಯಾಂಕಿನಿಂದ ಹೊರಟರೆ 'ಇದು ಸಾಲದ ಹಣವೇ ಎಂದು ಹೇಗೆ ನಂಬೋದು' ಎಂಬ ಪ್ರಶ್ನೆ ಬರುತ್ತದೆ. ಆಗ ಮಂಜೂರಾತಿ ಪತ್ರ, ಸಾಲ ಜಮೆಯಾದ ಸಾಲು ಕಾಣುವ ಸ್ಟೇಟ್‌ಮೆಂಟ್ ಎರಡೂ ಬೇಕು. ಅರ್ಧ ಸಾಲ ಅರ್ಧ ಸ್ವಂತ ಹಣ ಆದರೆ ಎರಡು ಬೇರೆ ಬೇರೆ ಎ2 ಫಾರಂ ಹಾಕಿ ಎರಡು ಸಲ ಕಳಿಸುವುದೇ ಒಳ್ಳೆಯದು. ಶುಲ್ಕ ಒಂದು ಸಲ ಜಾಸ್ತಿ ಬೀಳುತ್ತದೆ, ಬೀಳಲಿ.

ಅರ್ಧ ನಾನು, ಅರ್ಧ ನಮ್ಮ ಮನೆಯವರು ಕಳಿಸಿದರೆ ಆಗುತ್ತಾ?

ಆಗುತ್ತದೆ. ಇಬ್ಬರಿಗೂ ಬೇರೆ ಬೇರೆ 10 ಲಕ್ಷದ ಗಡಿ ಇದೆ. ಆದರೆ ಅವರ ಪ್ಯಾನ್, ಅವರ ಸಹಿಯ ಎ2 ಫಾರಂ, ಅವರ ಖಾತೆಯ ಹಣ ಇರಬೇಕು. ಜಂಟಿ ಖಾತೆಯಾದರೆ ಫಾರಂಗೆ ಯಾರ ಪ್ಯಾನ್ ಹಾಕುತ್ತೀರೋ ಅವರ ಲೆಕ್ಕಕ್ಕೆ ಹೋಗುತ್ತದೆ. ಹಿಂದಿನ ದಿನ ಗಂಡನ ಖಾತೆಯಿಂದ ಹೆಂಡತಿಯ ಖಾತೆಗೆ ದೊಡ್ಡ ಮೊತ್ತ ಬಂದಿದ್ದರೆ ಬ್ಯಾಂಕು ಮೂಲ ಕೇಳಬಹುದು. ಗಂಡ ಹೆಂಡತಿಗೆ ಕೊಟ್ಟದ್ದು ಎಂದು ಬರೆದುಕೊಡಲು ಏನೂ ಅಡ್ಡಿಯಿಲ್ಲ. ಕಾಲೇಜಿಗೆ ಎರಡು ಕಂತು ಬರುತ್ತವೆ ಎಂದು ಮಗಳಿಂದ ಒಂದು ಮೇಲ್ ಹಾಕಿಸಿ. ಇಲ್ಲವೆಂದರೆ ಮೊದಲ ಕಂತು ನೋಡಿ 'ಫೀಸು ಬಾಕಿ' ಎಂದು ಅವರು ನೋಟಿಸು ಕಳಿಸುತ್ತಾರೆ.

ನಮ್ಮದು ಅಡಿಕೆ ತೋಟ. ಐಟಿ ರಿಟರ್ನ್ಸ್ ಹಾಕಿಯೇ ಇಲ್ಲ. ಬ್ಯಾಂಕಿನವರು ಅದನ್ನೇ ಕೇಳ್ತಾರೆ.

ಶಿವಮೊಗ್ಗ, ಶಿರಸಿ, ಪುತ್ತೂರು ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ಬೇರೆ ಆದಾಯವಿಲ್ಲದ ಎಷ್ಟೋ ಬೆಳೆಗಾರರು ರಿಟರ್ನ್ಸ್ ಹಾಕಿರುವುದಿಲ್ಲ. ಬ್ಯಾಂಕು ನಿಜವಾಗಿ ಕೇಳುತ್ತಿರುವುದು ಹಣದ ಮೂಲ. ಪಹಣಿ, ಮಂಡಿ ಅಥವಾ ಸೊಸೈಟಿಯಲ್ಲಿ ಅಡಿಕೆ ಮಾರಿದ ಪಟ್ಟಿ, ಆ ಹಣ ಖಾತೆಗೆ ಬಂದ ಸ್ಟೇಟ್‌ಮೆಂಟ್ ಒಟ್ಟಿಗೆ ಕೊಡಿ. ಮಾರಿದ ಪಟ್ಟಿಯ ಮೊತ್ತವೂ ಪಾಸ್‌ಬುಕ್ಕಿನ ಸಾಲೂ ಹೊಂದಿದರೆ ಮಾತು ಮುಗಿಯಿತು. ನಗದಾಗಿ ಮಾರಿ ಮನೆಯಲ್ಲಿಟ್ಟು, ಫೀಸಿನ ವಾರ ತಂದು ತುಂಬಿದರೆ ಮಾತ್ರ ಕಷ್ಟ.

ಈ ವರ್ಷದಿಂದ ರಿಟರ್ನ್ಸ್ ಹಾಕಲೇಬೇಕಾಗುತ್ತದೆ. ಒಂದು, ಹಾಕದಿದ್ದರೆ ಟಿಸಿಎಸ್ ವಾಪಸ್ ಬರುವುದಿಲ್ಲ. ಎರಡು, ವರ್ಷದಲ್ಲಿ ಟಿಡಿಎಸ್, ಟಿಸಿಎಸ್ ಸೇರಿ 25,000 ರೂಪಾಯಿ ಮುಟ್ಟಿದರೆ (60 ದಾಟಿದವರಿಗೆ 50,000) ಆದಾಯ ತೆರಿಗೆ ಮಿತಿಯೊಳಗಿದ್ದರೂ ರಿಟರ್ನ್ಸ್ ಕಡ್ಡಾಯ. ಕೃಷಿ ಆದಾಯ 5,000ಕ್ಕಿಂತ ಜಾಸ್ತಿ ಇರುವವರಿಗೆ ಐಟಿಆರ್-1 ನಡೆಯುವುದಿಲ್ಲ, ಸಾಮಾನ್ಯವಾಗಿ ಐಟಿಆರ್-2 ಬೇಕು. ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಮೊದಲನೆಯದನ್ನು ತುಂಬಿಬಿಡುತ್ತಾರೆ, ನೋಡಿಕೊಳ್ಳಿ.

ತಪ್ಪು ಕೋಡ್ ಹಾಕಿ 20% ಹಿಡಿದುಬಿಟ್ಟಿದ್ದಾರೆ. ಈಗ ಏನು ಮಾಡೋದು?

ಅವತ್ತೇ ಓಡಿ. ಹಣ ಇನ್ನೂ ಹೊರಟಿಲ್ಲದಿದ್ದರೆ ರದ್ದು ಮಾಡಿಸಿ ಹೊಸ ಎ2 ಫಾರಂ ಕೊಡಬಹುದು. ಹೊರಟಿದ್ದರೂ ಬ್ಯಾಂಕು ಈ ತಿಂಗಳಲ್ಲಿ ಸಂಗ್ರಹಿಸಿದ ಟಿಸಿಎಸ್ಸನ್ನು ಸರಕಾರಕ್ಕೆ ಕಟ್ಟಲು ಮುಂದಿನ ತಿಂಗಳ 7ರವರೆಗೆ ಸಮಯ ಇರುತ್ತದೆ. ಆ ಕಿಟಕಿಯೊಳಗೆ ಲಿಖಿತವಾಗಿ ಅರ್ಜಿ ಕೊಟ್ಟರೆ, ಇನ್‌ವಾಯ್ಸು ಮತ್ತು ಪ್ರವೇಶ ಪತ್ರ ಲಗತ್ತಿಸಿದರೆ, ಸರಿಪಡಿಸಲು ಬ್ಯಾಂಕಿಗೂ ದಾರಿ ಇರುತ್ತದೆ. ಸರಕಾರಕ್ಕೆ ಕಟ್ಟಿ ಆದ ಮೇಲೆ ಶಾಖೆಯ ಮುಂದೆ ಕೂತು ಫಲವಿಲ್ಲ. ರಿಟರ್ನ್ಸ್‌ನಲ್ಲೇ ಪಡೆಯಬೇಕು. ಹಣ ಮುಳುಗುವುದಿಲ್ಲ, ಕಾಯಬೇಕು ಅಷ್ಟೇ.

ಬ್ಯಾಂಕಿನವರು ಆಗಲ್ಲ ಅಂತ ಬರೀ ಬಾಯಲ್ಲಿ ಹೇಳ್ತಾರೆ. ಕಾರಣ ಹೇಳಲ್ಲ.

ಬರೆದು ಕೊಡಿ ಎಂದು ಕೇಳಿ. ಘೋಷಣೆ ತೃಪ್ತಿಕರವಾಗಿಲ್ಲ ಎಂದು ನಿರಾಕರಿಸುವುದಾದರೆ ಲಿಖಿತವಾಗಿ ನಿರಾಕರಿಸಬೇಕು ಎಂದು ಫೆಮಾದ ಅದೇ 10(5)ನೇ ಸೆಕ್ಷನ್ ಹೇಳುತ್ತದೆ. ಗಲಾಟೆ ಬೇಡ, ಒಂದು ಇಮೇಲ್ ಸಾಕು: 'ಇಂಥ ದಿನ ಎ2 ಫಾರಂ ಕೊಟ್ಟಿದ್ದೇನೆ, ಫೀಸಿನ ಕೊನೇ ದಿನ ಇಂಥದ್ದು, ಯಾವ ದಾಖಲೆ ಬಾಕಿ ಇದೆ ಎಂದು ತಿಳಿಸಿ, ಇಲ್ಲವೇ ನಿರಾಕರಣೆಯನ್ನು ಲಿಖಿತವಾಗಿ ಕೊಡಿ.' ಇಂಥ ಮೇಲ್ ಹೋದ ಮೇಲೆ 'ಆಗಲ್ಲ' ಅನ್ನುವುದು 'ಈ ಒಂದು ಕಾಗದ ಕೊಡಿ' ಎಂದಾಗುವುದನ್ನು ನೋಡಿದ್ದೇನೆ. ಅದೇ ಮೇಲ್ ಕಾಲೇಜಿನ ಹಣಕಾಸು ವಿಭಾಗಕ್ಕೆ ಗಡುವು ವಿಸ್ತರಿಸಿ ಎಂದು ಕೇಳುವಾಗ ಪುರಾವೆಯೂ ಆಗುತ್ತದೆ.

## ಕಳಿಸಿದ ಮೇಲೆ

ಇಲ್ಲಿ ಕಟ್ ಆಗಿದೆ, ಕಾಲೇಜಿನವರು ಬಂದಿಲ್ಲ ಅಂತಾರೆ.

ಬ್ಯಾಂಕಿನಿಂದ, ಹಣದ ಬಗ್ಗೆ ಬ್ಯಾಂಕುಗಳ ನಡುವೆ ಹೋದ ಸ್ವಿಫ್ಟ್ ಸಂದೇಶದ ಪ್ರತಿ ಮತ್ತು ಯುಇಟಿಆರ್ ಎಂಬ ಉದ್ದನೆಯ ಸಂಖ್ಯೆ ಕೇಳಿ. ಅದು ಇದ್ದರೆ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂದು ಹುಡುಕಬಹುದು. ಆ ಪ್ರತಿಯಲ್ಲಿ ವಿದ್ಯಾರ್ಥಿಯ ಐಡಿ ನಂಬರ್ ಇದೆಯೇ ನೋಡಿ. ಅದಿಲ್ಲದಿದ್ದರೆ ಹಣ ಕಾಲೇಜಿನ ಖಾತೆಗೆ ಬಂದಿದ್ದರೂ ಯಾರದ್ದೆಂದು ಅವರಿಗೆ ಗೊತ್ತಾಗುವುದಿಲ್ಲ. ಕಳಿಸಿದ್ದು ಅಪ್ಪನ ಹೆಸರಿನಲ್ಲಿ, ಹುಡುಕುತ್ತಿರುವುದು ಮಗಳ ಹೆಸರನ್ನು. ಸ್ವಿಫ್ಟ್ ಪ್ರತಿಯನ್ನು ಮಗಳೇ ಹಣಕಾಸು ವಿಭಾಗಕ್ಕೆ ಕಳಿಸಲಿ.

ಮೊತ್ತ ಸ್ವಲ್ಪ ಕಡಿಮೆ ಬಂದಿದ್ದರೆ ಮಧ್ಯದ ಬ್ಯಾಂಕು ಶುಲ್ಕ ಮುರಿದುಕೊಂಡಿದೆ. ಫಾರಂನಲ್ಲಿ `SHA` ಬದಲು `OUR` ಆರಿಸಿದರೆ ಆ ಶುಲ್ಕ ನಿಮ್ಮ ಖಾತೆಯಿಂದಲೇ ಹೋಗಿ ಫೀಸು ಪೂರ್ತಿ ತಲುಪುತ್ತದೆ.

ಕಟ್ಟಿದ ಟಿಸಿಎಸ್ ನನ್ನ 26ಎಎಸ್‌ನಲ್ಲಿ ಕಾಣ್ತಿಲ್ಲ. ಬ್ಯಾಂಕಿನವರು ನುಂಗಿಬಿಟ್ರಾ?

ಗಾಬರಿ ಬೇಡ. 26ಎಎಸ್ ಅಂದರೆ ನಿಮ್ಮ ಪ್ಯಾನ್ ಹೆಸರಿನಲ್ಲಿ ಸರಕಾರಕ್ಕೆ ಕಟ್ಟಿದ ತೆರಿಗೆಯ ಪಟ್ಟಿ. ಬ್ಯಾಂಕು ಇದರ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸುತ್ತದೆ. 2025ರ ಆಗಸ್ಟಿನ ಟಿಸಿಎಸ್ ವಿವರ ಸಲ್ಲಿಸಲು ಅಕ್ಟೋಬರ್ 15ರ ತನಕ ಸಮಯ ಇತ್ತು. ಅದಾದ ಮೇಲೆ 15 ದಿನದೊಳಗೆ 27ಡಿ ಎಂಬ ಪ್ರಮಾಣಪತ್ರ ಕೊಡಬೇಕು. ನವೆಂಬರಿನಲ್ಲೂ ಕಾಣದಿದ್ದರೆ ಆಗ ಕೇಳಿ. ಹೆಚ್ಚಿನ ಸಲ ಪ್ಯಾನ್ ಒಂದಕ್ಷರ ತಪ್ಪಾಗಿರುತ್ತದೆ, ಇಲ್ಲವೇ ಜಂಟಿ ಖಾತೆಯ ಇನ್ನೊಬ್ಬರ ಪ್ಯಾನ್‌ಗೆ ಹೋಗಿರುತ್ತದೆ.

ಸಂಬಳದಾರರು ವರ್ಷಾಂತ್ಯದವರೆಗೆ ಕಾಯಬೇಕಾಗಿಲ್ಲ. 2024ರ ಅಕ್ಟೋಬರಿನಿಂದ, ಕಟ್ಟಿದ ಟಿಸಿಎಸ್ ವಿವರವನ್ನು ಕಂಪನಿಗೆ ಕೊಟ್ಟರೆ ಉಳಿದ ತಿಂಗಳ ಸಂಬಳದ ಟಿಡಿಎಸ್‌ನಲ್ಲಿ ಅದನ್ನು ಹೊಂದಿಸುತ್ತಾರೆ. ಹಳೇ ಕಾಯ್ದೆಯಲ್ಲಿ ಆ ಫಾರಂ ಹೆಸರು 12ಬಿಎಎ. ಮೇಲಿನ ಲೆಕ್ಕದ 76,350 ರೂಪಾಯಿ ಹೀಗೆ ಮಾರ್ಚ್‌ನೊಳಗೇ ಸಂಬಳದಲ್ಲಿ ವಾಪಸ್ ಸಿಕ್ಕಂತಾಗುತ್ತದೆ. ಅಕೌಂಟ್ಸ್ ವಿಭಾಗದವರಿಗೆ ಇದು ಗೊತ್ತಿಲ್ಲದಿರಬಹುದು, ನೀವೇ ಕೇಳಿ.

ವೀಸಾ ಸಿಗಲಿಲ್ಲ. ಕಾಲೇಜು ಫೀಸು ವಾಪಸ್ ಕೊಡ್ತಿದೆ. ಟಿಸಿಎಸ್ ಬ್ಯಾಂಕು ವಾಪಸ್ ಕೊಡುತ್ತಾ?

ಸರಕಾರಕ್ಕೆ ಕಟ್ಟಿ ಆಗಿದ್ದರೆ ಬ್ಯಾಂಕು ಕೊಡುವುದಿಲ್ಲ. ಅದು 26ಎಎಸ್‌ನಲ್ಲಿ ನಿಮ್ಮ ಹೆಸರಲ್ಲೇ ಇರುತ್ತದೆ, ಹಣ ಕಳಿಸಿದ ಆ ವರ್ಷದ ರಿಟರ್ನ್ಸ್‌ನಲ್ಲೇ ಕೇಳಬೇಕು. ಫೀಸು ಮುಂದಿನ ಆರ್ಥಿಕ ವರ್ಷದಲ್ಲಿ ವಾಪಸ್ ಬಂದರೂ ಟಿಸಿಎಸ್ ಹಿಂದಿನ ವರ್ಷದ್ದೇ. ಕಾಲೇಜಿನಿಂದ ಹಣ ಬಂದಾಗ ಬ್ಯಾಂಕು 'ಇದು ಯಾವ ಹಣ' ಎಂದು ಮತ್ತೆ ಕೇಳುತ್ತದೆ. ವೀಸಾ ನಿರಾಕರಣೆಯ ಪತ್ರ, ಕಾಲೇಜಿನ ರೀಫಂಡ್ ಮೇಲ್, ಮೊದಲು ಕಳಿಸಿದ ಸ್ವಿಫ್ಟ್ ಪ್ರತಿ ಮೂರನ್ನೂ ಒಟ್ಟಿಗೆ ಕೊಡಿ. ಅದು ಆದಾಯ ಅಲ್ಲ, ನಿಮ್ಮದೇ ಹಣ ಎಂದು ತೋರಿಸಲು ಆ ಮೂರು ಕಾಗದ ಸಾಕು. ಮಗಳ ಖಾತೆಗೋ ಇನ್ಯಾರ ಖಾತೆಗೋ ಹಾಕಿ ಎಂದು ಕಾಲೇಜಿಗೆ ಹೇಳಬೇಡಿ. ಹೊರಟ ಖಾತೆಗೇ ಬರಲಿ.